ಸೋಮವಾರದ ಬಾಕಿ ಮೇಲ್: ಬಿಚ್ಚಿ ಮತ್ತೆ ಕಟ್ಟಿದ ಬಗೆ

ಪ್ರತಿ ಸೋಮವಾರ ಬೆಳಗ್ಗೆ ನಮ್ಮ ಹಣಕಾಸು ಮುಖ್ಯಸ್ಥೆಗೆ ಒಂದು ಮೇಲ್ ಹೋಗುತ್ತದೆ. ಯಾವ ಗ್ರಾಹಕರ ಇನ್‌ವಾಯ್ಸ್ ಗಡುವು ದಾಟಿದೆ, ದಾಟಿ ಎಷ್ಟು ದಿನವಾಯಿತು, ಈ ವಾರ ಯಾರ ಬೆನ್ನು ಹತ್ತಬೇಕು ಎಂಬುದು ಅದರ ವಿಷಯ. ಆ ಕೆಲಸ ನನ್ನ ಕೈಗೆ ಬಂದಾಗ ಅದು ಇನ್ನೂರಕ್ಕೂ ಹೆಚ್ಚು ಸಾಲುಗಳ ಒಂದು ಹಾಳೆಯಾಗಿತ್ತು. ಮೊತ್ತದ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಮೇಲೆ ‘ದಯವಿಟ್ಟು ಪರಿಶೀಲಿಸಿ’ ಎಂದು ಬರೆದು ಕಳುಹಿಸುತ್ತಿದ್ದರು. ನಾನೂ ನಾಲ್ಕು ವಾರ ಹಾಗೆಯೇ ಕಳುಹಿಸಿದೆ. ಐದನೆಯ ವಾರ ಅವರು ಕರೆದು ಎರಡೇ ಪ್ರಶ್ನೆ ಕೇಳಿದರು. ‘ಈ ಮೊತ್ತ ಲೆಡ್ಜರಿಗೆ ತಾಳೆಯಾಗುತ್ತದೆಯೇ? ಇದನ್ನು ಓದಿದ ಮೇಲೆ ನಾನು ಯಾರಿಗೆ ಫೋನ್ ಮಾಡಬೇಕು?’ ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಬಿಚ್ಚಲು ಶುರು ಮಾಡಿದ್ದನ್ನು ಮತ್ತೆ ಕಟ್ಟಿ ಮುಗಿಸಲು ಎರಡು ವಾರ ಹಿಡಿಯಿತು. ಅದರ ದಾಖಲೆ ಇದು. ಗ್ರಾಹಕರ ಹೆಸರುಗಳನ್ನು ಬಿಟ್ಟಿದ್ದೇನೆ, ಮೊತ್ತಗಳೆಲ್ಲ ಲಕ್ಷಗಳಲ್ಲಿವೆ, ಲೆಕ್ಕದ ದಿನ 2025ರ ಜೂನ್ 13, ಶುಕ್ರವಾರ.

ಮೊದಲು ತಾಳೆ

ವಿಂಗಡಣೆಗೆ ಕೈ ಹಾಕುವ ಮುನ್ನ ಒಟ್ಟು ಮೊತ್ತವನ್ನು ನೋಡಿದೆ. ಲೆಕ್ಕದ ತಂತ್ರಾಂಶದಿಂದ ತೆಗೆದ ಬಾಕಿ ಇನ್‌ವಾಯ್ಸ್‌ಗಳ ಪಟ್ಟಿ 142.30 ಎಂದಿತು. ಅದೇ ದಿನದ ಅಂತ್ಯಕ್ಕೆ ಲೆಡ್ಜರಿನಲ್ಲಿ ಎಲ್ಲ ಗ್ರಾಹಕರ ಬಾಕಿಯನ್ನು ಒಟ್ಟಾಗಿ ತೋರಿಸುವ ನಿಯಂತ್ರಣ ಖಾತೆಯ ಶಿಲ್ಕು 131.05. ವ್ಯತ್ಯಾಸ 11.25. ಹಳೆಯ ಮೇಲ್‌ನಲ್ಲಿ ಈ ಎರಡನ್ನೂ ಯಾರೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿರಲಿಲ್ಲ.

ಕಾರಣ ಪಟ್ಟಿ ತೆಗೆಯುವ ಜಾಗದಲ್ಲಿಯೇ ಇತ್ತು. ದಾಖಲೆಯ ಬಗೆ ಎಂಬಲ್ಲಿ ‘ಇನ್‌ವಾಯ್ಸ್’ ಒಂದನ್ನೇ ಆರಿಸಿದ್ದರು. ಗ್ರಾಹಕರು ಹಣ ಕಳುಹಿಸಿದ್ದಾರೆ, ಆದರೆ ಅದು ಯಾವ ಇನ್‌ವಾಯ್ಸ್‌ಗೆ ಎಂದು ಗುರುತಾಗಿಲ್ಲ. ಅಂತಹ ಜಮೆ ಬೇರೊಂದು ಬಗೆಯ ದಾಖಲೆಯಾಗಿ ಕುಳಿತಿರುತ್ತದೆ. ಗ್ರಾಹಕರ ಬಾಕಿಯಿಂದ ಕಳೆಯಲು ನಾವು ಕೊಟ್ಟು, ಇನ್ನೂ ಹೊಂದಿಸದ ಕ್ರೆಡಿಟ್ ನೋಟ್‌ಗಳೂ ಹಾಗೆಯೇ. ಇವೆರಡೂ ಪಟ್ಟಿಯಿಂದ ಹೊರಗುಳಿದಿದ್ದವು. ಬಗೆಯ ಆಯ್ಕೆಯನ್ನು ತೆಗೆದು ಮತ್ತೆ ಪಟ್ಟಿ ಮಾಡಿದಾಗ ಹೊಂದಿಸದ ಜಮೆ 7.80, ಹೊಂದಿಸದ ಕ್ರೆಡಿಟ್ ನೋಟ್ 2.95 ಸಿಕ್ಕವು. ಉಳಿದ 0.50ಕ್ಕೆ ಅರ್ಧ ದಿನ ಹುಡುಕಬೇಕಾಯಿತು. ತಿಂಗಳ ಕೊನೆಯಲ್ಲಿ ಯಾರೋ ಗ್ರಾಹಕರ ಉಪಖಾತೆಯನ್ನು ಮುಟ್ಟದೆ ನೇರವಾಗಿ ನಿಯಂತ್ರಣ ಖಾತೆಗೇ ಒಂದು ಜರ್ನಲ್ ನಮೂದು ಹಾಕಿದ್ದರು. ಅಂತಹ ನಮೂದು ಲೆಡ್ಜರಿನಲ್ಲಿ ಕಾಣುತ್ತದೆ, ಗ್ರಾಹಕವಾರು ಪಟ್ಟಿಯಲ್ಲಿ ಎಂದಿಗೂ ಕಾಣುವುದಿಲ್ಲ.

ಈ ಜಮೆಗಳನ್ನು ಏನು ಮಾಡುವುದು ಎಂಬುದು ಮುಂದಿನ ಪ್ರಶ್ನೆ. ಗ್ರಾಹಕನ ಅತಿ ಹಳೆಯ ಇನ್‌ವಾಯ್ಸ್‌ಗೆ ತಾನಾಗಿಯೇ ಹೊಂದಿಸುವ ಸೌಲಭ್ಯ ನಮ್ಮ ತಂತ್ರಾಂಶದಲ್ಲಿದೆ. ಅದನ್ನು ಬಳಸಿದ್ದರೆ ಹಳೆಯ ಬಾಕಿ ಕರಗಿ ಪಟ್ಟಿ ಅಂದವಾಗಿ ಕಾಣುತ್ತಿತ್ತು. ಬಳಸಲಿಲ್ಲ. ಏಕೆ ಎಂಬುದು ಮುಂದೆ ಬರುವ ಒಬ್ಬ ಗ್ರಾಹಕನ ಲೆಕ್ಕದಲ್ಲಿ ಗೊತ್ತಾಗುತ್ತದೆ. ಸದ್ಯಕ್ಕೆ ಅವನ್ನು ವಿಂಗಡಣೆಯ ಕೆಳಗೆ ಪ್ರತ್ಯೇಕ ಸಾಲಿನಲ್ಲಿ ಕಳೆದು ತೋರಿಸಿದೆ.

ವಯಸ್ಸು ಎಲ್ಲಿಂದ ಎಣಿಸುವುದು

ಹಳೆಯ ಹಾಳೆಯಲ್ಲಿ ದಿನಗಳನ್ನು ಇನ್‌ವಾಯ್ಸ್ ದಿನಾಂಕದಿಂದ ಎಣಿಸಿದ್ದರು. ನಮ್ಮ ಗ್ರಾಹಕರಲ್ಲಿ ಕೆಲವರಿಗೆ 30 ದಿನದ ವಾಯಿದೆ, ಕೆಲವರಿಗೆ 45, ದೊಡ್ಡವರಿಗೆ 60. 60 ದಿನದ ವಾಯಿದೆ ಇರುವವರು 50ನೆಯ ದಿನವೂ ಮಾತಿಗೆ ತಪ್ಪಿದವರಲ್ಲ. ಆದರೆ ಹಳೆಯ ಹಾಳೆ ಅವರನ್ನು ‘30 ದಿನ ಮೀರಿದವರು’ ಎಂದು ತೋರಿಸುತ್ತಿತ್ತು. ಹೀಗಾಗಿ ಅದರಲ್ಲಿ 30 ದಿನ ಮೀರಿದ ಮೊತ್ತ 98.70 ಎಂದಿತ್ತು. ಗಡುವಿನ ದಿನದಿಂದ ಎಣಿಸಿದಾಗ ನಿಜವಾಗಿ ಗಡುವು ದಾಟಿದ್ದು 63.90 ಮಾತ್ರ. ಉಳಿದ 34.80 ಸರಿಯಾಗಿ ಕೊಡುವ ಗ್ರಾಹಕರದು. ಅವರಿಗೆ ನಾವು ವಾರವಾರವೂ ನೆನಪೋಲೆ ಕಳುಹಿಸುತ್ತಿದ್ದೆವು ಎಂಬುದು ನನಗೆ ನಿಜಕ್ಕೂ ನೋವಿನ ವಿಷಯವಾಯಿತು.

ಎಣಿಕೆಯ ಸೂತ್ರ ಸರಳ. `D` ಕಾಲಂನಲ್ಲಿ ಗಡುವಿನ ದಿನಾಂಕ, `F`ನಲ್ಲಿ ದಾಟಿದ ದಿನಗಳು, `G`ನಲ್ಲಿ ಗುಂಪು:

```
F2: =AsOf-D2
G2: =IF(F2<=0,"A",IF(F2<=30,"B",IF(F2<=60,"C",IF(F2<=90,"D","E"))))
```

`AsOf` ಎಂಬುದು ಲೆಕ್ಕದ ದಿನವನ್ನು ಕೈಯಿಂದ ಬರೆದಿಟ್ಟ ಒಂದೇ ಕೋಶ. ಮೊದಲು ಅಲ್ಲಿ `TODAY()` ಇತ್ತು. ಸೋಮವಾರ ಕಳುಹಿಸಿದ ಹಾಳೆಯನ್ನು ಮುಖ್ಯಸ್ಥೆ ಗುರುವಾರ ತೆರೆದರೆ ಮೂರು ದಿನ ಕೂಡಿಕೊಂಡು, ಗುಂಪಿನ ಅಂಚಿನಲ್ಲಿದ್ದ ಇನ್‌ವಾಯ್ಸ್‌ಗಳು ಮುಂದಿನ ಗುಂಪಿಗೆ ಜಾರಿಬಿಟ್ಟಿರುತ್ತಿದ್ದವು. ಮೇಲ್‌ನಲ್ಲಿ ಒಂದು ಅಂಕಿ, ಲಗತ್ತಿನಲ್ಲಿ ಇನ್ನೊಂದು. ಲೆಕ್ಕದ ದಿನವನ್ನು ಗಟ್ಟಿಯಾಗಿ ನಿಲ್ಲಿಸಿದ ಮೇಲೆ ಆ ಗೊಂದಲ ನಿಂತಿತು. ಗಡುವಿನ ದಿನವೇ ಲೆಕ್ಕದ ದಿನವಾಗಿದ್ದರೆ `F` ಸೊನ್ನೆಯಾಗುತ್ತದೆ. ಅದನ್ನು ‘ಇನ್ನೂ ದಾಟಿಲ್ಲ’ ಎಂದೇ ಎಣಿಸಬೇಕು, ಕೊಡಲು ಅವರಿಗೆ ಅಂದು ಸಂಜೆಯವರೆಗೂ ಸಮಯವಿದೆ. ಗುಂಪಿಗೆ ಅಕ್ಷರ ಕೊಟ್ಟಿರುವುದಕ್ಕೂ ಕಾರಣವಿದೆ: ಕೋಶದಲ್ಲಿ 1-30 ಎಂದು ಬರೆದರೆ ಹಾಳೆ ಅದನ್ನು ದಿನಾಂಕವೆಂದು ತಿಳಿದು ಬದಲಿಸಿಬಿಡುತ್ತದೆ.

ಇಷ್ಟಾದರೂ ಐದು ಗುಂಪುಗಳ ಮೊತ್ತ ಕೂಡಿದರೆ 142.30 ಬರಲಿಲ್ಲ, ಸ್ವಲ್ಪ ಕಡಿಮೆ ಬಂತು. ಕೆಲವು ಸಾಲುಗಳಲ್ಲಿ ಗಡುವಿನ ದಿನಾಂಕ ದಿನಾಂಕವಾಗಿರದೆ ಬರೀ ಅಕ್ಷರವಾಗಿತ್ತು. ಅಂತಹ ಸಾಲಿನಲ್ಲಿ `F` ದೋಷ ತೋರಿಸುತ್ತದೆ, `G` ಕೂಡ ದೋಷವಾಗುತ್ತದೆ, `SUMIFS` ಆ ಸಾಲನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಕಣ್ಣಿಗೆ ಕಾಣುವ ಈ ದೋಷಕ್ಕಿಂತ ಕಾಣದ ದೋಷ ಕೆಟ್ಟದ್ದು. ಪಟ್ಟಿ ದಿನ-ತಿಂಗಳು-ವರ್ಷ ಕ್ರಮದಲ್ಲಿ ಬಂದು, ಕಂಪ್ಯೂಟರ್ ತಿಂಗಳು-ದಿನ-ವರ್ಷ ಎಂದು ಓದಿದರೆ, 25/04 ಎಂಬುದು ಅರ್ಥವಾಗದೆ ಅಕ್ಷರವಾಗಿ ಉಳಿಯುತ್ತದೆ. ಆದರೆ 05/04 ಎಂಬುದು ಏಪ್ರಿಲ್ 5ರ ಬದಲು ಮೇ 4 ಆಗಿ ಯಾವ ದೂರೂ ಇಲ್ಲದೆ ಕುಳಿತುಕೊಳ್ಳುತ್ತದೆ. ಪತ್ತೆ ಹಚ್ಚುವುದು ಹೀಗೆ: ಅಂಚು ಸರಿಪಡಿಸದ ಕಾಲಂನಲ್ಲಿ ದಿನಾಂಕಗಳು ಬಲಕ್ಕೆ, ಅಕ್ಷರಗಳು ಎಡಕ್ಕೆ ನಿಲ್ಲುತ್ತವೆ. ಎಡಕ್ಕೆ ನಿಂತವುಗಳೆಲ್ಲ 13 ಅಥವಾ ಅದಕ್ಕೂ ಹೆಚ್ಚಿನ ದಿನಗಳಾಗಿದ್ದರೆ, ಬಲಕ್ಕೆ ನಿಂತವುಗಳಲ್ಲಿ ತಿರುವುಮುರುವು ಆಗಿದೆ ಎಂದೇ ಅರ್ಥ. ಎಡಕ್ಕೆ ನಿಂತ ಸಾಲುಗಳನ್ನಷ್ಟೇ ತಿದ್ದಿ ಕೈ ತೊಳೆದುಕೊಳ್ಳುವಂತಿಲ್ಲ. ನಾನು ಪಟ್ಟಿಯನ್ನೇ ವರ್ಷ-ತಿಂಗಳು-ದಿನದ ಕ್ರಮದಲ್ಲಿ ಮತ್ತೆ ತೆಗೆದೆ.

ಆಗ ಲೆಕ್ಕ ನಿಂತಿತು. ಗಡುವು ದಾಟದ್ದು 78.40, 1ರಿಂದ 30 ದಿನ ದಾಟಿದ್ದು 27.60, 31ರಿಂದ 60 ದಿನ 16.20, 61ರಿಂದ 90 ದಿನ 9.30, 90 ದಿನ ಮೀರಿದ್ದು 10.80. ಒಟ್ಟು 142.30. ಅದರಲ್ಲಿ ಹೊಂದಿಸದ ಜಮೆ ಮತ್ತು ಕ್ರೆಡಿಟ್ ನೋಟ್ ಕಳೆದರೆ 131.55, ಆ ಒಂದು ಜರ್ನಲ್ ನಮೂದನ್ನು ಕಳೆದರೆ ಲೆಡ್ಜರಿನ 131.05. ಈ ತಾಳೆಯ ಸಾಲು ಈಗ ಹಾಳೆಯ ತುದಿಯಲ್ಲಿದೆ. ವಿವರಣೆಯಿಲ್ಲದ ವ್ಯತ್ಯಾಸ ಉಳಿದಿದ್ದರೆ ಮೇಲ್ ಹೊರಡುವುದಿಲ್ಲ.

ಒಬ್ಬ ಗ್ರಾಹಕನ ನಾಲ್ಕು ಇನ್‌ವಾಯ್ಸ್

ಯಂತ್ರದ ಬಿಡಿಭಾಗ ಕೊಳ್ಳುವ ಒಬ್ಬ ಗ್ರಾಹಕನ ಹೆಸರು ಹಳೆಯ ಮೇಲ್‌ನಲ್ಲಿ ಸದಾ ಮೇಲಿರುತ್ತಿತ್ತು. ಬಾಕಿ 11.40. ಮಾರಾಟ ನಿಲ್ಲಿಸುವ ಮಾತೂ ಎದ್ದಿತ್ತು. ಅವರ ಇನ್‌ವಾಯ್ಸ್‌ಗಳನ್ನು ಒಂದೊಂದಾಗಿ ಬಿಡಿಸಿದೆ:

| ಇನ್‌ವಾಯ್ಸ್ | ಗಡುವು | ದಾಟಿದ ದಿನ | ಬಾಕಿ |
|---|---|---|---|
| 2041 | ಫೆಬ್ರುವರಿ 28 | 105 | 4.20 |
| 2117 | ಏಪ್ರಿಲ್ 10 | 64 | 2.60 |
| 2163 | ಮೇ 5 | 39 | 3.10 |
| 2198 | ಜೂನ್ 1 | 12 | 1.50 |

ಜೂನ್ 2ರಂದು ಇದೇ ಗ್ರಾಹಕನಿಂದ 4.60 ಬಂದಿತ್ತು. ಯಾವುದಕ್ಕೆ ಎಂಬ ವಿವರ ಜೊತೆಗಿರಲಿಲ್ಲ, ಹಾಗಾಗಿ ಹೊಂದಿಸದ 7.80ರಲ್ಲಿ ಅದೂ ಸೇರಿಕೊಂಡಿತ್ತು. ತಂತ್ರಾಂಶಕ್ಕೆ ಬಿಟ್ಟಿದ್ದರೆ ಅದು 2041ನ್ನು ಪೂರ್ತಿ ತೀರಿಸಿ, ಉಳಿದ 0.40ನ್ನು 2117ಕ್ಕೆ ಹಾಕಿಬಿಡುತ್ತಿತ್ತು. ಆದರೆ ಮೊತ್ತವನ್ನು ಒಮ್ಮೆ ನೋಡಿ: 4.60 ಎಂದರೆ 3.10 ಮತ್ತು 1.50ರ ಮೊತ್ತ. ಅವರು ಹೊಸ ಎರಡು ಇನ್‌ವಾಯ್ಸ್‌ಗಳನ್ನು ಪೈಸೆ ಬಿಡದೆ ತೀರಿಸಿದ್ದಾರೆ, ಹಳೆಯ ಎರಡನ್ನು ಬೇಕೆಂದೇ ಬಿಟ್ಟಿದ್ದಾರೆ. ಕೈಯಲ್ಲಿ ಹಣವಿಲ್ಲದವರು ಹೀಗೆ ಆರಿಸಿ ಕೊಡುವುದಿಲ್ಲ. ಹಳೆಯದನ್ನು ಬಿಟ್ಟು ಹೊಸದನ್ನು ತೀರಿಸಿದರೆ ಹಳೆಯದರಲ್ಲಿ ಏನೋ ತಕರಾರಿದೆ ಎಂದು ತಿಳಿಯಬೇಕು. ತಾನಾಗಿ ಹೊಂದಿಸುವ ಸೌಲಭ್ಯ ಈ ಸುಳಿವನ್ನೇ ಅಳಿಸಿಹಾಕುತ್ತದೆ.

ಅವರ ಲೆಕ್ಕ ವಿಭಾಗಕ್ಕೆ ಫೋನ್ ಮಾಡಿದೆ. ‘ಹಣ ಯಾವಾಗ ಕೊಡುತ್ತೀರಿ’ ಎಂದು ಕೇಳಲಿಲ್ಲ. ‘4.60 ಅನ್ನು 2163 ಮತ್ತು 2198ಕ್ಕೆ ಹೊಂದಿಸುತ್ತಿದ್ದೇನೆ, ಸರಿಯೇ? 2041 ಮತ್ತು 2117 ನಿಮ್ಮಲ್ಲಿ ಯಾವ ಹಂತದಲ್ಲಿವೆ?’ ಎಂದು ಕೇಳಿದೆ. ಹತ್ತು ನಿಮಿಷದಲ್ಲಿ ಎಲ್ಲ ಬಯಲಾಯಿತು. 2041ರಲ್ಲಿ ಸರಕು ಕಡಿಮೆ ಬಂದಿತ್ತು. ಕೊರತೆಯ ಬೆಲೆ 0.90. ಕ್ರೆಡಿಟ್ ನೋಟ್ ಬರುವವರೆಗೆ ಅವರ ವ್ಯವಸ್ಥೆ ಇಡೀ 4.20ನ್ನು ತಡೆಹಿಡಿಯುತ್ತದೆ. ಕೊರತೆಯ ವಿಷಯವನ್ನು ಅವರು ಮಾರ್ಚ್‌ನಲ್ಲಿಯೇ ನಮ್ಮ ಮಾರಾಟದವರಿಗೆ ತಿಳಿಸಿದ್ದರು, ಅದು ಲೆಕ್ಕದ ಕಡೆಗೆ ಬಂದೇ ಇರಲಿಲ್ಲ. ಇನ್ನು 2117 ಅವರಿಗೆ ತಲುಪಿಯೇ ಇರಲಿಲ್ಲ. ಕೆಲಸ ಬಿಟ್ಟು ಹೋದವರ ವಿಳಾಸಕ್ಕೆ ಹೋಗಿತ್ತು.

ಮೂರು ತಿಂಗಳಿಂದ ‘ಕೊಡದವರು’ ಎಂದು ಕರೆಸಿಕೊಂಡವರ ಬಾಕಿಯಲ್ಲಿ ಎರಡೂ ತಪ್ಪು ನಮ್ಮದೇ. ಬೆನ್ನು ಹತ್ತಬೇಕಾದದ್ದು ಅವರನ್ನಲ್ಲ, ನಮ್ಮದೇ ಮಾರಾಟ ವಿಭಾಗವನ್ನು. ಅಂದಿನಿಂದ ಹಾಳೆಯಲ್ಲಿ ‘ಏಕೆ ನಿಂತಿದೆ’ ಮತ್ತು ‘ಚೆಂಡು ಯಾರ ಅಂಗಳದಲ್ಲಿದೆ’ ಎಂಬ ಎರಡು ಕಾಲಂಗಳು ಸೇರಿದವು. ಈ ಎರಡನ್ನು ಯಾವ ತಂತ್ರಾಂಶವೂ ತುಂಬಿಕೊಡುವುದಿಲ್ಲ, ಫೋನ್ ಮಾಡಿಯೇ ತುಂಬಬೇಕು.

2117ನ್ನು ಮತ್ತೆ ಕಳುಹಿಸಿದಾಗ, ಹೊಸ ಗಡುವು ಹಾಕಿ ಎಂದು ನಮ್ಮವರೇ ಒಬ್ಬರು ಸಲಹೆ ಕೊಟ್ಟರು. ಹಾಕಲಿಲ್ಲ. ಗಡುವು ತಿದ್ದಿದರೆ ಪಟ್ಟಿ ಚೆನ್ನಾಗಿ ಕಾಣುತ್ತದೆ, ಆದರೆ ಇನ್‌ವಾಯ್ಸ್ ಎರಡು ತಿಂಗಳು ದಾರಿ ತಪ್ಪಿತ್ತು ಎಂಬ ಸತ್ಯ ಮರೆಯಾಗುತ್ತದೆ. ಮೂಲ ಗಡುವನ್ನು ಹಾಗೆಯೇ ಬಿಟ್ಟು, ‘ಕೊಡುವೆನೆಂದ ದಿನ’ ಎಂಬ ಬೇರೆ ಕಾಲಂನಲ್ಲಿ ಅವರು ಹೇಳಿದ ದಿನವನ್ನು ಬರೆದೆ.

ಆದ್ಯತೆಯ ಕ್ರಮ

ಮೊದಲು ಅಂಕ ಕೊಡುವ ದಾರಿ ಹಿಡಿದಿದ್ದೆ: ಮೊತ್ತ ಗುಣಿಸು ದಿನ. ಒಂದು ದಿನದಲ್ಲಿಯೇ ಕೈಬಿಟ್ಟೆ. 700 ದಿನದಿಂದ ನಿಂತ 0.40ರ ಒಂದು ಇನ್‌ವಾಯ್ಸ್‌ಗೆ 280 ಅಂಕ ಬಂದರೆ, 35 ದಿನ ದಾಟಿದ 6.20ಕ್ಕೆ 217 ಬಂತು. ಆ ಹಳೆಯ ಚಿಕ್ಕ ಬಾಕಿ ಬರುತ್ತದೆಯೋ ಇಲ್ಲವೋ ಎಂಬುದು ಮನ್ನಾ ಮಾಡುವ ಮಾತುಕತೆಯ ವಿಷಯ, ಈ ವಾರದ ಫೋನಿನದಲ್ಲ. ಮೇಲಾಗಿ ‘217 ಏಕೆ?’ ಎಂದು ಯಾರಾದರೂ ಕೇಳಿದರೆ ಗುಣಾಕಾರದ ಹೊರತು ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಅದರ ಬದಲು ಪ್ರಶ್ನೆಗಳ ಒಂದು ಸರದಿ ಮಾಡಿಕೊಂಡೆ. ಇಂತಹ ದಿನ ಕೊಡುತ್ತೇನೆ ಎಂದು ಮಾತು ಕೊಟ್ಟು ತಪ್ಪಿದ್ದಾರೆಯೇ? ಹಾಗಿದ್ದರೆ ಅದು ಎಲ್ಲಕ್ಕಿಂತ ಮೊದಲು, ಏಕೆಂದರೆ ಮಾತು ತಪ್ಪುವುದು ಹಣದ ಬಿಕ್ಕಟ್ಟಿನ ಮೊದಲ ಲಕ್ಷಣ. ಮುಂದಿನ ಶುಕ್ರವಾರದ ಒಳಗೆ 90 ದಿನ ದಾಟುತ್ತದೆಯೇ? ಅಂದರೆ ಈಗ 84ರಿಂದ 90ರ ನಡುವೆ ಇದೆಯೇ? ಅದು ಎರಡನೆಯದು, ಆ ಗೆರೆ ದಾಟಿದ ಬಾಕಿಗೆ ನಮ್ಮಲ್ಲಿ ನಷ್ಟಕ್ಕೆಂದು ಲೆಕ್ಕದಲ್ಲಿ ಹೆಚ್ಚು ಮೊತ್ತ ತೆಗೆದಿಡಬೇಕಾಗುತ್ತದೆ. ತಡೆ ನಮ್ಮ ಕಡೆಯಿಂದಲೇ ಇದೆಯೇ? ಅದು ಮೂರನೆಯದು, ಏಕೆಂದರೆ ಬಿಡಿಸುವುದು ನಮ್ಮ ಕೈಯಲ್ಲಿದೆ. ಇವು ಮುಗಿದ ಮೇಲೆ ಮಾತ್ರ ಮೊತ್ತದ ಕ್ರಮ. ಎರಡನೆಯ ಪ್ರಶ್ನೆಯನ್ನು ಹಾಳೆಯೇ ಆರಿಸಿಕೊಡುತ್ತದೆ:

```
H2: =AND(F2<=90,F2+7>90)
```

ಮೇಲ್‌ನಲ್ಲಿ ಐದಕ್ಕಿಂತ ಹೆಚ್ಚು ಹೆಸರು ಹಾಕುವುದಿಲ್ಲ. ಮುಖ್ಯಸ್ಥೆ ಒಂದು ವಾರದಲ್ಲಿ ತಾವೇ ಮಾಡಬಹುದಾದ ಫೋನ್‌ಗಳು ಎರಡೋ ಮೂರೋ. ಉಳಿದವು ಅವರಿಗೆ ತಿಳಿದಿದ್ದರೆ ಸಾಕು.

ಮೇಲ್ ಹೇಗಿದೆ

4.60ನ್ನು ಸರಿಯಾದ ಇನ್‌ವಾಯ್ಸ್‌ಗಳಿಗೆ ಹೊಂದಿಸಿ, ಪಟ್ಟಿಯನ್ನು ಮತ್ತೆ ತೆಗೆದು ಕಳುಹಿಸಿದ ಮೊದಲ ಮೇಲ್ ಇದು. ಹೆಸರುಗಳ ಜಾಗದಲ್ಲಿ ಅಕ್ಷರ ಹಾಕಿದ್ದೇನೆ. ಐದರಲ್ಲಿ ಮೂರನ್ನು ಇಲ್ಲಿ ಕೊಟ್ಟಿದ್ದೇನೆ.

> ವಿಷಯ: ಬಾಕಿ, ಜೂನ್ 13ರ ಅಂತ್ಯಕ್ಕೆ: ಗಡುವು ದಾಟಿದ್ದು 59.30, ಅದರಲ್ಲಿ 90 ದಿನ ಮೀರಿದ್ದು 10.80
>
> ಮೇಡಂ, ನಮಸ್ಕಾರ.
>
> ಈ ವಾರ ತಮ್ಮಿಂದ ಆಗಬೇಕಾದದ್ದು ಎರಡು: ‘ಕ’ ಗ್ರಾಹಕರ ಹಣಕಾಸು ಮುಖ್ಯಸ್ಥರಿಗೆ ಒಂದು ಫೋನ್, 2041ರ ಕ್ರೆಡಿಟ್ ನೋಟ್‌ಗೆ ಒಪ್ಪಿಗೆ.
>
> 1–30 ದಿನ: 26.10
> 31–60 ದಿನ: 13.10
> 61–90 ದಿನ: 9.30
> 90 ದಿನ ಮೀರಿದ್ದು: 10.80
> (ಹೊಂದಿಸದ ಜಮೆ 3.20 ಮತ್ತು ಕ್ರೆಡಿಟ್ ನೋಟ್ 2.95 ಇದರಲ್ಲಿ ಕಳೆದಿಲ್ಲ. ಲೆಡ್ಜರಿಗೆ ತಾಳೆಯಾಗಿದೆ, 0.50ರ ಜರ್ನಲ್ ನಮೂದು ತಿದ್ದಬೇಕಿದೆ.)
>
> 1. ‘ಕ’, 5.40, 47 ದಿನ. ಜೂನ್ 6ಕ್ಕೆ ಕೊಡುತ್ತೇವೆಂದು ಬರೆದಿದ್ದರು, ಬಂದಿಲ್ಲ. ಎರಡು ಫೋನ್‌ಗೆ ಉತ್ತರವಿಲ್ಲ. ತಾವು ಮಾತನಾಡಿದರೆ ಒಳ್ಳೆಯದು.
> 2. ‘ಚ’, 3.70, 86 ದಿನ. ಬರುವ ಬುಧವಾರ 90 ದಿನ ದಾಟುತ್ತದೆ. ತಕರಾರಿಲ್ಲ, ಅವರ ಕಡೆ ಸಹಿಗೆ ಕಾದಿದೆ. ಮಂಗಳವಾರ ನಾನು ವಿಚಾರಿಸುತ್ತೇನೆ.
> 3. ‘ಟ’, ಇನ್‌ವಾಯ್ಸ್ 2041, 4.20, 105 ದಿನ. ತಡೆ ನಮ್ಮದು: 0.90ರ ಕ್ರೆಡಿಟ್ ನೋಟ್ ಕೊಟ್ಟರೆ 3.30 ಮುಂದಿನ ಪಾವತಿಯಲ್ಲಿ ಸೇರುತ್ತದೆ.

ವಿಷಯದ ಸಾಲಿನಲ್ಲಿಯೇ ಎರಡು ಅಂಕಿ ಇಟ್ಟಿದ್ದು ಮೊಬೈಲ್‌ನಲ್ಲಿ ಮೇಲ್ ತೆರೆಯದೆಯೂ ಕಾಣಲಿ ಎಂದು. ‘ತಮ್ಮಿಂದ ಆಗಬೇಕಾದದ್ದು’ ಎಂಬ ಸಾಲನ್ನು ಪಟ್ಟಿಗಿಂತ ಮೇಲೆ ತಂದದ್ದು ಎರಡನೆಯ ಕರಡಿನಲ್ಲಿ. ಮೊದಲ ಕರಡಿನಲ್ಲಿ ಅದು ಕೊನೆಯಲ್ಲಿತ್ತು, ಪೂರ್ತಿ ಓದಿದ ಮೇಲೆ ಮಾತ್ರ ಸಿಗುತ್ತಿತ್ತು. ಇನ್‌ವಾಯ್ಸ್‌ವಾರು ಹಾಳೆ ಲಗತ್ತಿನಲ್ಲಿ ಹೋಗುತ್ತದೆ.

ಮೊದಲ ವಾರ ಹೋಲಿಸಲು ಹಿಂದಿನ ಅಂಕಿ ಇರಲಿಲ್ಲ. ಹಳೆಯ ಹಾಳೆಗಳ ಎಣಿಕೆಯೇ ಬೇರೆಯಾದ್ದರಿಂದ ಅವನ್ನು ಪಕ್ಕದಲ್ಲಿ ಇಡುವುದು ಸುಳ್ಳಾಗುತ್ತಿತ್ತು. ಜೂನ್ 13ರ ಪಟ್ಟಿಯನ್ನು ತಿದ್ದಲಾಗದಂತೆ ಉಳಿಸಿಟ್ಟೆ. ಎರಡನೆಯ ಮೇಲ್‌ನಲ್ಲಿ ಒಂದು ಸಾಲು ಸೇರಿತು: ಹಿಂದಿನ ವಾರ 59.30, ಹೊಸದಾಗಿ ಗಡುವು ದಾಟಿದ್ದು 8.70, ಬಂದದ್ದು 13.20, ಕ್ರೆಡಿಟ್ ನೋಟ್ 0.90, ಈಗ 53.90. ಈ ಸಾಲಿಲ್ಲದಿದ್ದರೆ ಬಾಕಿ ಇಳಿದದ್ದು ವಸೂಲಿಯಿಂದಲೋ, ಆ ವಾರ ಹೊಸದೇನೂ ಗಡುವು ದಾಟದ್ದರಿಂದಲೋ, ನಾವೇ ಬಿಟ್ಟುಕೊಟ್ಟದ್ದರಿಂದಲೋ ಎಂಬುದು ತಿಳಿಯುವುದಿಲ್ಲ.

ಆ 0.90 ನಮ್ಮ ‘ಟ’ ಗ್ರಾಹಕರದು. ಒಪ್ಪಿಗೆ ಸೋಮವಾರವೇ ಸಿಕ್ಕಿತು, ಬುಧವಾರ ಕ್ರೆಡಿಟ್ ನೋಟ್ ಹೋಯಿತು, ಮೂರನೆಯ ವಾರದ ಪಾವತಿಯಲ್ಲಿ 3.30 ಬಂತು. ಈ ಬಾರಿ ಯಾವ ಇನ್‌ವಾಯ್ಸ್‌ಗೆ ಎಂಬ ವಿವರವನ್ನೂ ಅವರು ಜೊತೆಗೆ ಕಳುಹಿಸಿದ್ದರು. ‘ಕ’ ಗ್ರಾಹಕರೊಂದಿಗೆ ಮೇಡಂ ಮಾತನಾಡಿ, 5.40ನ್ನು ಮೂರು ಕಂತುಗಳಲ್ಲಿ ಕೊಡುವ ಒಪ್ಪಂದ ಮಾಡಿಕೊಂಡರು. ಮೂರೂ ದಿನಗಳು ಈಗ ‘ಕೊಡುವೆನೆಂದ ದಿನ’ದ ಕಾಲಂನಲ್ಲಿವೆ. ಹೊಂದಿಸದ ಜಮೆ 3.20ರಲ್ಲಿ ಇನ್ನೂ 1.10 ಉಳಿದಿದೆ. ಕಳುಹಿಸಿದವರ ಹೆಸರು ಬ್ಯಾಂಕ್ ವಿವರದಲ್ಲಿ ಅರ್ಧಕ್ಕೇ ಕತ್ತರಿಸಿಹೋಗಿದೆ. ಅದೇ ಅಕ್ಷರಗಳಿಂದ ಶುರುವಾಗುವ ನಾಲ್ಕು ಗ್ರಾಹಕರಿಗೂ ಪತ್ರ ಬರೆದಿದ್ದೇನೆ, ಇಬ್ಬರು ತಮ್ಮದಲ್ಲ ಎಂದು ಉತ್ತರಿಸಿದ್ದಾರೆ.